ಪದಚರ್ಚೆ: ಕಿರಣಗಳು ‘ಸಂಧಿಸುತ್ತವೆ’, ‘ಸಂಧಿಸಿದಂತೆ ತೋರುತ್ತವೆ’

ನಮಸ್ಕಾರ. ಹತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಕಿರಣಚಿತ್ರದ ಪ್ರಶ್ನೆಯೊಂದರ ಫೋಟೋ ಕಳಿಸಿದ್ದಾಳೆ. ನಡುವೆ ಬಾಗಿದ ಗೆರೆ. ಎಡಕ್ಕೆ 10 ಸೆಂ.ಮೀ. ದೂರದಲ್ಲಿ 2 ಸೆಂ.ಮೀ. ಎತ್ತರದ ಬಾಣ, 15ರಲ್ಲಿ F, 30ರಲ್ಲಿ C. ಬಲಕ್ಕೆ 30 ಸೆಂ.ಮೀ. ದೂರದಲ್ಲಿ ಎರಡು ಗೆರೆ ಕೂಡಿವೆ, ಅಲ್ಲಿ 6 ಸೆಂ.ಮೀ. ಎತ್ತರದ ನೆಟ್ಟಗಿನ ಬಾಣ. ಫೋಟೋ ಮಸುಕಾಗಿದೆ, ಚುಕ್ಕೆಗೆರೆ ಯಾವುದು ಅಂತ ಗೊತ್ತಾಗುವುದಿಲ್ಲ. ಅವಳು ‘ಪೀನ ಮಸೂರ, ಕಿರಣಗಳು ಸಂಧಿಸುತ್ತವೆ’ ಎಂದು ಬರೆದಿದ್ದಾಳೆ. ಕೊಟ್ಟಿರುವ ಉತ್ತರ ‘ನಿಮ್ನ ದರ್ಪಣ, ಸಂಧಿಸಿದಂತೆ ತೋರುತ್ತವೆ’. ಈ ‘ತೋರುತ್ತವೆ’ಗೆ ಇಲ್ಲಿ ಏನರ್ಥ?

ಮೈಸೂರಿನಿಂದ:
ಕನ್ನಡಿಯ ಹಿಂದೆ ಬೆಳಕು ಹೋಗುವುದೇ ಇಲ್ಲ. ಮಿಥ್ಯ ಅಂದರೆ ಸುಳ್ಳು ತಾನೇ? ಹಾಗಾಗಿ ಇಲ್ಲಿ ‘ತೋರು’ ಅಂದರೆ ಕಣ್ಣಿನ ಭ್ರಮೆ. ಕ್ಯಾಮೆರಾಕ್ಕೆ ಅದು ಸಿಗಬಾರದು.

ಶಿರಸಿಯಿಂದ:
ನನ್ನ ಫೋನಿನ ಮುಂದಿನ ಕ್ಯಾಮೆರಾದಲ್ಲಿ ತೆಗೆದರೆ ಅಕ್ಷರವೆಲ್ಲ ತಿರುಗಿರುತ್ತವೆ. ನಿಮ್ಮದೂ ಹಾಗೇ ಎಡ-ಬಲ ಅದಲು ಬದಲಾಗಿರಬಹುದು. ಸೆಟ್ಟಿಂಗ್ ನೋಡಿ.

ಧಾರವಾಡದಿಂದ:
ಚಿತ್ರ ತಿರುಗಿದ್ದರೂ ಪರವಾಗಿಲ್ಲ, ಗೆರೆ ಬಾಗುವ ರೀತಿ ಬದಲಾಗುವುದಿಲ್ಲ. ಅದನ್ನೇ ನೋಡಿ. ಬಾಣದ ತುದಿಯಿಂದ ಅಕ್ಷಕ್ಕೆ ಸಮಾಂತರವಾಗಿ ಹೋದ ಗೆರೆ, ನಡುಗೆರೆ ದಾಟಿದ ಮೇಲೆ ಎತ್ತ ಹೋಗಿದೆ? 2 ಸೆಂ.ಮೀ. ಎತ್ತರದಿಂದ 6ಕ್ಕೆ ಏರಿದೆ, ಅಂದರೆ ಅಕ್ಷದಿಂದ ದೂರ ಸರಿದಿದೆ. ಪೀನ ಮಸೂರ ಆ ಕಿರಣವನ್ನು ಅಕ್ಷದ ಕಡೆಗೇ ಬಗ್ಗಿಸುತ್ತದೆ. ಇನ್ನೊಂದು ಗೆರೆ C ಮತ್ತು ಬಾಣದ ತುದಿಯ ನೇರದಲ್ಲಿ ಬಂದು, ಬಾಗದೆ ಹಾಗೇ ಹಿಂದಕ್ಕೆ ಹೋಗಿದೆ. C ನೇರಕ್ಕೆ ಬಿದ್ದ ಕಿರಣ ಬಂದ ದಾರಿಯಲ್ಲೇ ವಾಪಸಾಗುವುದು ನಿಮ್ನ ದರ್ಪಣದ ಗುಣ. ಅದಕ್ಕಿಂತ ಬೇಗ ಸಿಗುವ ಗುರುತು ಆ ನೆಟ್ಟಗಿನ ಬಾಣ. ಒಂದೇ ಪೀನ ಮಸೂರ ಎದುರಿಗಿಟ್ಟ ವಸ್ತುವಿನ ಪ್ರತಿಬಿಂಬವನ್ನು ಆಚೆ ಬದಿಯಲ್ಲಿ ಮೂಡಿಸಿದರೆ ಅದು ತಲೆಕೆಳಗೇ ಇರುತ್ತದೆ.

ಪದದ ವಿಷಯಕ್ಕೆ ಬಂದರೆ, ಪ್ರತಿಫಲಿಸಿದ ಕಿರಣಗಳು ಎಡಕ್ಕೇ ವಾಪಸು ಬಂದು ಒಂದರಿಂದೊಂದು ದೂರವಾಗುತ್ತವೆ. ಆ ಕಡೆ ಎಲ್ಲೂ ಕೂಡುವುದಿಲ್ಲ. ಹಿಂದಕ್ಕೆ ಎಳೆದರೆ 30 ಸೆಂ.ಮೀ.ನಲ್ಲಿ ಕೂಡುತ್ತವೆ. ಎದುರಿಗೆ ನಿಂತವರ ಕಣ್ಣಿಗೆ ಬೆಳಕು ಅಲ್ಲಿಂದಲೇ ಹೊರಟ ಹಾಗೆ ಬಂದು ಸೇರುತ್ತದೆ. ‘ತೋರುತ್ತವೆ’ ಹೇಳುವುದು ಅದನ್ನೇ. ಭ್ರಮೆ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಕನ್ನಡಿ ಮುಂದೆ ನಿಂತು ಸೆಲ್ಫಿ ತೆಗೆದರೆ ಸಿಗುವುದು ಮಿಥ್ಯ ಪ್ರತಿಬಿಂಬದ ಫೋಟೋನೇ ಅಲ್ವಾ? ಅದು ಪರದೆ ಮೇಲೆ ಬೀಳುವುದಿಲ್ಲ, ಅಷ್ಟೇ.

ಮೈಸೂರಿನಿಂದ:
ಸೆಲ್ಫಿ ಮಾತು ಒಪ್ಪಿದೆ. ಆದರೂ ‘ಕಿರಣಗಳು ಸಂಧಿಸಿದಂತೆ’ ಅನ್ನುವುದೇ ತೊಡಕು. ಹಿಂದೆ ಇರುವುದು ಕಿರಣವಲ್ಲ, ನಾವು ಎಳೆದ ಗೆರೆ. ‘ಅಲ್ಲಿಂದ ಹೊರಟಂತೆ’ ಎಂದು ಬರೆದರೆ ಮಕ್ಕಳಿಗೆ ದಿಕ್ಕೂ ತಿಳಿಯುತ್ತದೆ.

ಧಾರವಾಡದಿಂದ:
ಅದು ಒಳ್ಳೆಯದೇ. ಆದರೆ ಪ್ರಶ್ನೆ ಕೇಳುವುದು ‘ಎಲ್ಲಿ ಸಂಧಿಸುತ್ತವೆ’ ಎಂದು. ‘ಹೊರಟಂತೆ’ ಅಂತ ಬರೆದರೆ ಅಂಕ ಕೊಡುತ್ತಾರಾ? ಪೇಪರ್ ತಿದ್ದುವವರು ಯಾರಾದರೂ ಹೇಳಬೇಕು.