ಪದಚರ್ಚೆ: "ಎಕ್ಸಿಕ್ಯೂಟಬಲ್ ಫೈಲ್"ಗೆ ಕನ್ನಡದಲ್ಲಿ ಏನಂತೀರಿ?

ಎಲ್ಲರಿಗೂ ನಮಸ್ಕಾರ,

ಗೋಣಿಕೊಪ್ಪದ ಹತ್ರ ನಮ್ಮ ಕಾಫಿ ಬೆಳೆಗಾರರ ಗುಂಪಿಗೆ ಒಂದು ಸಣ್ಣ ವೆಬ್ ಆಪ್ ಮಾಡ್ತಿದೀನಿ, ಮಳೆಗೆ ಕಾಯಿ ಉದುರಿದ್ರೆ ಗಿಡದ ಫೋಟೋ ತೆಗೆದು ಆರ್‌ಟಿಸಿ ಪಿಡಿಎಫ್ ಜೊತೆ ಅಪ್‌ಲೋಡ್ ಮಾಡೋದು, ಅಷ್ಟೇ. ಫೈಲ್ ಬೇಡ ಅಂತ ವಾಪಸ್ ಕಳಿಸುವಾಗ ತೋರಿಸೋಕೆ ಮೂರು ಸಾಲು ಬರೆದಿದೀನಿ: "ಕಡತದ ಗಾತ್ರ ಮಿತಿ ಮೀರಿದೆ", "ಅಮಾನ್ಯ ಕಡತ ಪ್ರಕಾರ", "ಕಾರ್ಯಗತಗೊಳಿಸಬಹುದಾದ ಕಡತಗಳಿಗೆ ಅವಕಾಶವಿಲ್ಲ". ಮೂರನೇದನ್ನ ಅತ್ತೆಗೆ ಓದಿ ಹೇಳ್ದೆ, "ಪರಿಹಾರ ಕಾರ್ಯಗತ ಆಗ್ಲಿ ಅಂತ ತಾನೇ ಅರ್ಜಿ ಹಾಕೋದು, ಅದಕ್ಕೇ ಅವಕಾಶ ಇಲ್ಲ ಅಂದ್ರೆ ಹೇಗೆ" ಅಂದ್ರು. ಅವರು ಹೇಳಿದ್ದು ಸರಿ ಅನ್ನಿಸ್ತು. ಒಳ್ಳೆ ಪದ ಇದ್ರೆ ಹೇಳಿ.

---

ಸೋಮವಾರಪೇಟೆಯಿಂದ, ನಿವೃತ್ತ ಮೇಷ್ಟ್ರು:

ತಂಗೀ, ಕಡತ ಅನ್ನೋ ಪದ ಬಿಡಬೇಡಮ್ಮ. ಹಿಂದೆ ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲು ಬಳಿದು ಕಪ್ಪು ಮಾಡಿ, ಮಡಿಸಿಟ್ಟು, ಬಳಪದಲ್ಲಿ ಲೆಕ್ಕ ಬರೀತಿದ್ರಲ್ಲ, ಅದೇ ಕಡತ. ಎಕ್ಸಿಕ್ಯೂಟಬಲ್‌ಗೆ "ಓಡುಕಡತ" ಅಂತ ಮಾಡಿದ್ರೆ ನಾಲಿಗೆಗೂ ಹಗುರ. ಇನ್ನು ಗುರುತು ಹಿಡಿಯೋದು ಏನು ಕಷ್ಟ, ಹೆಸರಿನ ಬಾಲ ನೋಡಿದ್ರೆ ಸಾಕಲ್ವಾ, .exe, .php ಅಂತ ಇದ್ರೆ ಓಡುಕಡತ, .jpg ಅಂತ ಇದ್ರೆ ಚಿತ್ರ.

---

ಮಡಿಕೇರಿಯಿಂದ (ಸರ್ವರ್ ನೋಡ್ಕೊಳ್ಳೋ ಕೆಲಸ):

ಮೇಷ್ಟ್ರೇ, ಬಾಲ ಅನ್ನೋ ಪದ ನಂಗೆ ತುಂಬಾ ಹಿಡಿಸ್ತು, ಎಕ್ಸ್‌ಟೆನ್ಶನ್‌ಗೆ ಅದಕ್ಕಿಂತ ಒಳ್ಳೇದು ಸಿಗಲ್ಲ. ಆದ್ರೆ ಬಾಲ ನೋಡಿದ್ರೆ ಸಾಕು ಅನ್ನೋದು ಅರ್ಧ ಮಾತ್ರ ಸರಿ. ಅಕ್ಕ ಬರೆದಿರೋ "ಪ್ರಕಾರ" ಅನ್ನೋ ಒಂದೇ ಪದದ ಒಳಗೆ ಮೂರು ಬೇರೆ ಬೇರೆ ವಿಷಯ ಇವೆ: ಹೆಸರಿನ ಬಾಲ ಒಂದು, ಬ್ರೌಸರ್ "ಇದು image/jpeg" ಅಂತ ಹೇಳಿ ಕಳಿಸೋ ಮಾತು ಇನ್ನೊಂದು, ಫೈಲಿನ ಒಳಗೆ ನಿಜವಾಗ್ಲೂ ಇರೋದು ಮೂರನೇದು. ಮೊದಲೆರಡೂ ಕಳಿಸೋನ ಕೈಯಲ್ಲಿವೆ, ಅವನು ಏನು ಬೇಕಾದ್ರೂ ಬರೀಬಹುದು. ಪಿಎಚ್‌ಪಿಲಿ `$_FILES` ಒಳಗೆ ಸಿಗೋ `type` ಅನ್ನೋದು ಈ ಎರಡನೇದೇ, ಅದನ್ನ ನಂಬಿ ಕೂತೋರು ಬಹಳ ಜನ.

ಮೂರನೇದನ್ನ ನೋಡೋಕೆ `finfo` ಇದೆ, ಅದು ಫೈಲಿನ ಮೊದಲ ಕೆಲವು ಬೈಟ್ ಓದಿ ಹೇಳತ್ತೆ. ಆದ್ರೆ ಅಲ್ಲೂ ಒಂದು ಪೇಚಿದೆ. ನಿಮ್ಮ ಮಷೀನಲ್ಲೇ ಹೊಸಾ ಫೈಲ್ ಮಾಡಿ ಈ ಒಂದು ಸಾಲು ಬರೆದು kaapi.php ಅಂತ ಸೇವ್ ಮಾಡಿ:

```
GIF89a<?php echo 7*7; ?>
```

ಆಮೇಲೆ `file kaapi.php` ಅಂತ ಕೇಳಿ. "GIF image data, version 89a, 16188 x 26736" ಅಂತ ಬರತ್ತೆ. ಆ ಅಳತೆ ಎಲ್ಲಿಂದ ಬಂತು ಅಂದ್ರೆ, GIF89a ಆದ್ಮೇಲೆ ಬರೋ `<?` ಅನ್ನೋ ಎರಡು ಅಕ್ಷರಾನ ಅದು ಚಿತ್ರದ ಅಗಲ ಅಂತ ಓದ್ತು, ಆಮೇಲಿನ `ph`ನ ಎತ್ತರ ಅಂತ ಓದ್ತು. ಅದೇ ಫೈಲನ್ನ ಪಿಎಚ್‌ಪಿ ಇರೋ ಸರ್ವರಲ್ಲಿಟ್ಟು ಬ್ರೌಸರಲ್ಲಿ ತೆರೆದ್ರೆ GIF89a49 ಅಂತ ಬರತ್ತೆ, ಅಂದ್ರೆ ಒಳಗಿದ್ದ ಲೆಕ್ಕ ಓಡ್ತು. ಇಲ್ಲಿ ಹಿಡಿದು ಹಾಕಿದ್ದು ಬಾಲ, ಮೋಸ ಹೋಗಿದ್ದು ಒಳಗಿನ ಪರೀಕ್ಷೆ. ಹಾಗಾಗಿ ಎರಡೂ ಬೇಕು, ಜೊತೆಗೆ ಯಾವುದು ಬೇಡ ಅಂತ ಪಟ್ಟಿ ಮಾಡದೆ ಯಾವುದು ಬೇಕು ಅಂತ ಪಟ್ಟಿ ಮಾಡಿ, jpg, png, pdf ಮೂರೇ ಸಾಕು ನಿಮಗೆ.

ಈಗ ಪದಕ್ಕೆ ಬರ್ತೀನಿ. "ಓಡುಕಡತ" ಅಂದ್ರೆ ಓಡೋ ಗುಣ ಫೈಲಿನಲ್ಲೇ ಇದೆ ಅಂತ ಆಗತ್ತೆ. ಆದ್ರೆ ಮೇಲಿನ ಸಾಲು ತಾನಾಗಿ ಓಡಲ್ಲ, ಸರ್ವರ್ ಓಡಿಸತ್ತೆ. ಕೆಲವು ಹಳೇ ಅಪಾಚೆ ಸೆಟಪ್ಪಲ್ಲಿ AddHandler ಹಾಕಿದ್ರೆ photo.php.jpg ಅಂತ ಇದ್ರೂ ಮಧ್ಯದ .php ನೋಡಿ ಓಡಿಸಿಬಿಡತ್ತೆ. ಅದಕ್ಕೇ ನಾನು ಬಂದ ಫೈಲನ್ನ ವೆಬ್ ಫೋಲ್ಡರಿನ ಹೊರಗೇ ಇಡೋದು, ಅವರು ಕೊಟ್ಟ ಹೆಸರು ಬಿಸಾಕಿ ನಾನೇ ಒಂದು ರ‍್ಯಾಂಡಮ್ ಹೆಸರು ಕೊಡೋದು, ಬಾಲಾನೂ ನಾನೇ ಅಂಟಿಸೋದು. ಹಾಗೆ ಇಟ್ಟಾಗ ಎಂಥಾ ಫೈಲ್ ಬಂದ್ರೂ ಅದನ್ನ ಓಡಿಸೋರು ಯಾರೂ ಇಲ್ಲ. ನನ್ನ ಪ್ರಕಾರ ಮೂರನೇ ಸಾಲೇ ಬೇಡ. ಬೆಳೆಗಾರನಿಗೆ "ಫೋಟೋ ಆದ್ರೆ ಜೆಪಿಜಿ ಅಥವಾ ಪಿಎನ್‌ಜಿ, ಆರ್‌ಟಿಸಿ ಆದ್ರೆ ಪಿಡಿಎಫ್ ಹಾಕಿ" ಅಂದ್ರೆ ಸಾಕು.

---

ಕಕ್ಕಬ್ಬೆಯಿಂದ, ಹೋಂಸ್ಟೇ ನಡೆಸುವವರು:

ಇಲ್ಲಿ ಅಪ್‌ಲೋಡ್ ಆಗದೆ ಇರೋ ಬಗ್ಗೆ ಮಾತು ನಡೀತಿದೆ ಅಂತ ನನ್ನ ಕಥೆನೂ ಹೇಳ್ತೀನಿ. ಒಂದು ಬುಕಿಂಗ್ ಸೈಟಿಗೆ ರೂಮಿನ ಮೂರು ಫೋಟೋ ಒಟ್ಟಿಗೆ ಹಾಕ್ದೆ, ಒಂದೊಂದು ನಾಲ್ಕು ಎಂಬಿ ಇರಬಹುದು. ಅರ್ಧ ಗಂಟೆ ನೆಟ್‌ವರ್ಕ್ ಹುಡುಕ್ಕೊಂಡು ತೋಟದ ಏರಿ ಮೇಲೆ ನಿಂತು ಕಳಿಸಿದ್ಮೇಲೆ "ಹೆಸರು ತುಂಬಿ" ಅಂತ ಬಂತು. ಹೆಸರು ತುಂಬಿದೀನಿ! ಮೂರು ಸಲ ಹಾಗೇ ಆಯ್ತು. ಫೋನ್ ಮಾಡಿದ್ರೆ "ಗಾತ್ರ ಕಮ್ಮಿ ಮಾಡಿ" ಅಂದ್ರು, ಕ್ರಾಪ್ ಮಾಡಿ ರೂಮಿನ ಕಿಟಕಿನೇ ಹೋಯ್ತು. ಇದಕ್ಕೆ ಏನಾದ್ರೂ ಪದ ಇದ್ಯಾ?

---

ಮಡಿಕೇರಿಯಿಂದ:

ಅಣ್ಣಾ, ನೀವು ಕೇಳಿದ್ದು ಬೇರೆ ಆದ್ರೂ ಅಕ್ಕನ ಮೊದಲನೇ ಸಾಲಿಗೆ ಇದೇ ಬೇಕಿತ್ತು. ಆ ಸೈಟ್ ಒಳಗಡೆ ಹೇಗಿದೆಯೋ ನಾನು ನೋಡಿಲ್ಲ, ಆದ್ರೆ ಪಿಎಚ್‌ಪಿ ಸೈಟಲ್ಲಿ ಹೀಗೆ ಆಗೋದಕ್ಕೆ ಒಂದು ಹಳೇ ಕಾರಣ ಇದೆ. ಏನೂ ಬದಲಾಯಿಸದೆ ಬಿಟ್ರೆ ಒಂದು ಫೈಲಿಗೆ `upload_max_filesize` 2 ಎಂಬಿ, ಇಡೀ ಫಾರ್ಮಿಗೆ `post_max_size` 8 ಎಂಬಿ. ಒಂದು ಫೈಲ್ ದೊಡ್ಡದಾದ್ರೆ ಎರರ್ ನಂಬರ್ 1 ಬರತ್ತೆ, ಅದನ್ನ ನೋಡಿ ಹೇಳಬಹುದು. ಆದ್ರೆ ಎಲ್ಲ ಸೇರಿ 8 ದಾಟಿದ್ರೆ `$_POST`, `$_FILES` ಎರಡೂ ಖಾಲಿ ಆಗ್ತವೆ, ನಿಮ್ಮ ಹೆಸರೂ ಸೇರಿ. ಪಾಪ ಪ್ರೋಗ್ರಾಮ್ ಖಾಲಿ ಹೆಸರು ನೋಡಿ "ಹೆಸರು ತುಂಬಿ" ಅನ್ನತ್ತೆ. `CONTENT_LENGTH` ಇದೆ, ಆದ್ರೆ ಫಾರ್ಮ್ ಖಾಲಿ ಇದೆ ಅಂದ್ರೆ ಇದೇ ಅಂತ ತಿಳ್ಕೊಂಡು ಬೇರೆ ಸಾಲು ತೋರಿಸಬೇಕು. ಮುಂದೆ ಎನ್‌ಜಿನ್‌ಎಕ್ಸ್ ಇದ್ರೆ ಅದರ `client_max_body_size` ಬಿಟ್ಟಂಗೆ ಬಿಟ್ರೆ 1 ಎಂಬಿ, ಅದು ನೇರ 413 ಅಂತ ಇಂಗ್ಲಿಷಲ್ಲಿ ಹೇಳಿ ಕೂರತ್ತೆ, ಆ ಪುಟಾನೂ ಕನ್ನಡದಲ್ಲಿ ಬರೆದಿಡಿ. ಬ್ರೌಸರಲ್ಲೇ ಫೈಲ್ ಆರಿಸಿದ ತಕ್ಷಣ ಅಳತೆ ನೋಡಿ ಹೇಳಿಬಿಟ್ರೆ ಏರಿ ಮೇಲೆ ನಿಲ್ಲೋದು ತಪ್ಪತ್ತೆ, ಅದು ಬರೀ ಅನುಕೂಲಕ್ಕೆ, ತಡೆಯೋದು ಸರ್ವರಲ್ಲೇ ಆಗಬೇಕು.

ಮತ್ತೆ "ಗಾತ್ರ" ಅನ್ನೋದು ಇಲ್ಲಿ ನಿಜವಾಗ್ಲೂ ಕೆಟ್ಟ ಪದ. ಚಿತ್ರದ ಉದ್ದಗಲಕ್ಕೂ ಗಾತ್ರ, ಎಂಬಿಗೂ ಗಾತ್ರ. ಒಂದೇ ಬಣ್ಣದ 20,000 x 20,000 ಪಿಕ್ಸೆಲ್‌ನ ಪಿಎನ್‌ಜಿ ಒಂದೆರಡು ಎಂಬಿಲಿ ಮುದುಡಿ ಕೂರತ್ತೆ, ಬಿಚ್ಚಿದ್ರೆ ಪಿಕ್ಸೆಲ್‌ಗೆ 4 ಬೈಟ್‌ನಂತೆ 1.6 ಜಿಬಿ ಮೆಮೊರಿ ತಿನ್ನತ್ತೆ. ಫೋಟೋನ ಸರ್ವರಲ್ಲಿ ಮತ್ತೆ ಬರೆದು ಇಟ್ಕೊಳ್ಳೋದು ಒಳ್ಳೇದು, ಒಳಗೆ ಕಾಮೆಂಟಲ್ಲಿ ಬಚ್ಚಿಟ್ಟಿದ್ದು ಉದುರಿಹೋಗತ್ತೆ, ಆದ್ರೆ ಬಿಚ್ಚೋ ಮೊದಲು ಉದ್ದಗಲ ನೋಡ್ಕೊಳ್ಳಿ. ನಾನಾದ್ರೆ ಎಂಬಿಗೆ "ತೂಕ" ಅಂತೀನಿ, ಪಿಕ್ಸೆಲ್‌ಗೆ "ಉದ್ದಗಲ" ಅಂತೀನಿ.

---

ಸೋಮವಾರಪೇಟೆಯಿಂದ:

ಗಿಫ್ಫಿನ ಸಾಲು ಮೊಮ್ಮಗಳ ಹತ್ರ ಮಾಡಿಸಿ ನೋಡ್ದೆ, ನೀವು ಹೇಳಿದ್ದೇ ಅಂಕಿ ಬಂತು. ಬಾಲದ ಮಾತು ವಾಪಸ್ ತಗೊಂಡೆ. ಆದ್ರೆ ತೂಕ ಒಪ್ಪಲ್ಲ ಮಾರಾಯ್ರೆ, ಕಾಫಿ ತೂಗೋ ಊರಲ್ಲಿ ತೂಕ ಅಂದ್ರೆ ಕೇಜಿ, ಚೀಲ. ಓಡುಕಡತ ಬೇಡ ಅಂದ್ರೆ "ಓಡಿಸುಕಡತ" ಇರಲಿ.

---

ಗೋಣಿಕೊಪ್ಪದಿಂದ:

ಮೂರನೇ ಸಾಲು ತೆಗೆದೆ, ಎರಡನೇದು ಮಡಿಕೇರಿಯೋರು ಹೇಳಿದ ಹಾಗೇ ಹಾಕ್ದೆ. ಅತ್ತೆಗೆ ಓದಿದ್ರೆ "ಐಫೋನ್ ಫೋಟೋ ಜೆಪಿಜಿನಾ" ಅಂತ ಕೇಳಿದ್ರು, ನೋಡಿದ್ರೆ ಮಗನ ಫೋನಲ್ಲಿ ಅದು heic ಅಂತ ಇದೆ! ಪಟ್ಟಿಗೆ ಅದನ್ನೂ ಸೇರಿಸಿ ಸರ್ವರಲ್ಲಿ ಜೆಪಿಜಿ ಮಾಡ್ಕೊಳ್ಳೋದಾ, ಅಥವಾ ಬೇಡ ಅನ್ನೋದಾ? ಬೇಡ ಅನ್ನೋದಾದ್ರೆ ಆ ಸಾಲು ಹೇಗೆ ಬರೀಲಿ? ಮೊದಲನೇದಕ್ಕೆ ಸದ್ಯಕ್ಕೆ "ಈ ಫೋಟೋ 6 ಎಂಬಿ ಇದೆ, 5 ಎಂಬಿ ಒಳಗಿರೋದನ್ನ ಹಾಕಿ" ಅಂತ ಬರೆದಿದೀನಿ, ಗಾತ್ರನೂ ಇಲ್ಲ ತೂಕನೂ ಇಲ್ಲ.