ಇಆರ್‌ಪಿ ಗೋ-ಲೈವ್ ದಿನ ಎಂ.ಡಿ. ಭಾಷಣ: ಏನು ಹೇಳಿಸಬೇಕು?

ಕೇಳಿದ್ದು: ಪೀಣ್ಯದಲ್ಲಿ 180 ಜನರ ಆಟೋ ಬಿಡಿಭಾಗ ಕಾರ್ಖಾನೆ ನಮ್ಮದು. ಸ್ಟೋರ್ಸ್, ಪ್ರೊಡಕ್ಷನ್, ಲೆಕ್ಕ ಎಲ್ಲ ಒಂದೇ ಕಡೆ ನಡೆಸೋ ಹೊಸ ಸಾಫ್ಟ್‌ವೇರ್, ಅಂದರೆ ಇಆರ್‌ಪಿ, ಏಪ್ರಿಲ್ 1ಕ್ಕೆ ಶುರು. ಎಂ.ಡಿ. ಸಾಹೇಬರು ಎಂಟು ನಿಮಿಷ ಮಾತಾಡ್ತಾರೆ, ಬರೆದುಕೊಡೋದು ನನ್ನ ಪಾಲಿಗೆ ಬಂದಿದೆ. ಥ್ಯಾಂಕ್ಸ್ ಹೇಗೆ ಹೇಳಿಸಲಿ? ಮೊದಲ ಮೂರು ತಿಂಗಳ ಬಗ್ಗೆ ಎಷ್ಟು ಬಿಚ್ಚಿ ಹೇಳಿಸಬೇಕು?

ಪ್ಲಾಂಟ್ ಫೈನಾನ್ಸ್: ಥ್ಯಾಂಕ್ಸ್ ಎರಡು ನಿಮಿಷ ಸಾಕು, ಆದರೆ ಕೆಲಸದ ಹೆಸರು ಹಿಡಿದು ಹೇಳಲಿ. "ಎಲ್ಲ ವಿಭಾಗಗಳಿಗೂ ಧನ್ಯವಾದ" ಅಂದರೆ ಯಾರಿಗೂ ತಟ್ಟಲ್ಲ. ಐಟಂ ಮಾಸ್ಟರ್‌ನಲ್ಲಿ ಒಂದೇ ಬೋಲ್ಟ್ ಮೂರು ಕೋಡಲ್ಲಿ ಇದ್ದದ್ದನ್ನು ಹುಡುಕಿ ಒಂದು ಮಾಡಿದವರು, ಮಾರ್ಚ್ 31ರ ರಾತ್ರಿ ರ‍್ಯಾಕ್ ರ‍್ಯಾಕ್ ಎಣಿಸಿ ಓಪನಿಂಗ್ ಸ್ಟಾಕ್ ಕೊಟ್ಟವರು, ಇವರನ್ನು ಮೊದಲು ಕರೆಯಲಿ. ಕನ್ಸಲ್ಟೆಂಟ್‌ಗಳಿಗೆ ಕೊನೆಗೆ ಒಂದು ಮಾತು.

ಉಳಿದ ಆರು ನಿಮಿಷದಲ್ಲಿ ಒಂದೇ ನಿಯಮ ಎಲ್ಲರ ತಲೆಗೆ ಇಳಿಯಬೇಕು: ಮಾಲು ಕದಲಿದ ಹೊತ್ತಿಗೇ ಎಂಟ್ರಿ. ಯಾಕೆ ಅಂತ ಉದಾಹರಣೆಯಿಂದಲೇ ಹೇಳಿಸಿ. ಬೆಳಿಗ್ಗೆ 11ಕ್ಕೆ ರಾಡ್ ತುಂಬಿದ ಲಾರಿ ಬಂತು. ಮಾಲು ಬಂತು ಅನ್ನೋ ಎಂಟ್ರಿಯೇ ಜಿಆರ್‌ಎನ್. "ಅದನ್ನ ಸಂಜೆ ಮಾಡಿದರಾಯ್ತು" ಅಂತ ಸ್ಟೋರ್ಸ್‌ನವರು ರಾಡನ್ನು ಮಷಿನ್ ಶಾಪ್‌ಗೆ ಕೊಟ್ಟರು. ಸಿಸ್ಟಂನಲ್ಲಿ ರಾಡ್ ಸೊನ್ನೆ, ಹಾಗಾಗಿ ಸ್ಟೋರ್ಸ್‌ನಿಂದ ಮಾಲು ಕೊಟ್ಟ ಎಂಟ್ರಿ, ಅಂದರೆ ಇಶ್ಯೂ, ಆಗಲ್ಲ. ಇಶ್ಯೂ ಇಲ್ಲದೆ ಪ್ರೊಡಕ್ಷನ್ ಎಂಟ್ರಿ ಕೂರಲ್ಲ, ಅದು ಕೂರದೆ ರೆಡಿ ಮಾಲು ಕಾಣಲ್ಲ, ಇನ್‌ವಾಯ್ಸ್ ಬರಲ್ಲ. ಸಂಜೆ ಆರಕ್ಕೆ ಗ್ರಾಹಕರ ಲಾರಿ ಗೇಟಲ್ಲಿ ನಿಂತಿರುತ್ತೆ, ಡಿಸ್ಪ್ಯಾಚ್‌ನವರು ಬೈಸಿಕೊಳ್ತಾರೆ. ತಪ್ಪು ನಡೆದದ್ದು ಏಳು ಗಂಟೆ ಮುಂಚೆ, ಇನ್ನೊಂದು ಕಡೆ.

ತಿಂಗಳ ಲೆಕ್ಕವನ್ನೂ ಬಿಡಿಸಿ ಹೇಳಲಿ: "ಏಪ್ರಿಲ್‌ನಲ್ಲಿ ಕೆಲಸ ನಿಧಾನ ಆಗುತ್ತೆ, ಅದು ನನಗೆ ಗೊತ್ತು. ಆ ತಿಂಗಳ ಪುಸ್ತಕ ಮುಚ್ಚೋಕೆ ಹತ್ತು ದಿನ ಕೊಡ್ತೀನಿ, ಮೇ ತಿಂಗಳದಕ್ಕೆ ಏಳು, ಜೂನ್‌ದಕ್ಕೆ ಐದು." ಆದರೆ ಮಾರಾಟದ ಬಿಲ್‌ಗೆ ಈ ಸಡಿಲಿಕೆ ಇಲ್ಲ. ತಿಂಗಳಿಗೊಮ್ಮೆ ರಿಟರ್ನ್ ಸಲ್ಲಿಸುವವರಿಗೆ ಏಪ್ರಿಲ್‌ನ ಮಾರಾಟದ ರಿಟರ್ನ್ ಜಿಎಸ್‌ಟಿಆರ್-1ಕ್ಕೆ ಮೇ 11 ಕಡೇ ದಿನ.

ಪ್ರೊಡಕ್ಷನ್ ಪ್ಲಾನಿಂಗ್: ಇಷ್ಟು ಬಿಗಿ ಮಾಡಿದರೆ ಲೈನ್ ನಿಲ್ಲುತ್ತೆ. ಮೊದಲ ಮೂರು ತಿಂಗಳು ಸಿಸ್ಟಂನಲ್ಲಿ ಮಾಲು ಸೊನ್ನೆ ಇದ್ದರೂ ಇಶ್ಯೂ ಆಗಲಿ, ಅಂದರೆ ನೆಗೆಟಿವ್ ಸ್ಟಾಕ್ ಬಿಟ್ಟುಕೊಡಿ, ಹಳೇ ಎಕ್ಸೆಲ್ ಜೊತೆಗೇ ನಡೀಲಿ. ಎಂ.ಡಿ. ಅದನ್ನೇ ಹೇಳಿದರೆ ಜನಕ್ಕೆ ಧೈರ್ಯ ಬರುತ್ತೆ.

ಪ್ಲಾಂಟ್ ಫೈನಾನ್ಸ್: ಲೈನ್ ನಿಲ್ಲಬಾರದು ಅನ್ನೋದು ಸರಿ. ಅದಕ್ಕೆ ಮೊದಲ ಎರಡು ವಾರ ಜಿಆರ್‌ಎನ್ ಮೇಜಿಗೆ ಇನ್ನೊಬ್ಬರನ್ನು ಕೂರಿಸಿ, ಅದನ್ನೂ ಭಾಷಣದಲ್ಲೇ ಘೋಷಿಸಲಿ. ನೆಗೆಟಿವ್ ಬಿಟ್ಟರೆ ಕಾಸ್ಟಿಂಗ್ ಕೆಡುತ್ತೆ. ಎಷ್ಟೋ ಇಆರ್‌ಪಿಗಳ ಸರಾಸರಿ ದರದ ಲೆಕ್ಕದಲ್ಲಿ, ಇಲ್ಲದ 100 ಪೀಸು ಹಳೇ ದರ 50 ರೂಪಾಯಿಗೆ ಇಶ್ಯೂ ಆಯ್ತು ಅನ್ನಿ. ಆಮೇಲೆ ಅದೇ 100 ಪೀಸು 62ರ ದರದಲ್ಲಿ ಜಿಆರ್‌ಎನ್ ಆದರೆ 1,200 ರೂಪಾಯಿ ಜಾಬ್‌ಗೆ ಸೇರದೆ ಬೆಲೆ ವ್ಯತ್ಯಾಸದ ಖಾತೆಗೆ ಹೋಗುತ್ತೆ. ಇಂಥವು ನೂರಾರು ಸೇರಿದಾಗ ಯಾವ ಪಾರ್ಟಲ್ಲಿ ಲಾಭ ಅಂತ ಹೇಳೋಕಾಗಲ್ಲ. ಇನ್ನು ಎಕ್ಸೆಲ್ ಪಕ್ಕದಲ್ಲಿದ್ದರೆ ಜನ ಅದನ್ನೇ ಮೊದಲು ತುಂಬ್ತಾರೆ, ಸಿಸ್ಟಂ ಎರಡನೇದಾಗುತ್ತೆ. ಸಂಬಳದ ಲೆಕ್ಕ ಒಂದನ್ನು ಮಾತ್ರ ಒಂದು ತಿಂಗಳು ಎರಡೂ ಕಡೆ ನಡೆಸಿ ತಾಳೆ ನೋಡಬಹುದು.

ಹೋಲ್‌ಸೇಲ್ ಅಂಗಡಿಯವರು: ಮೂರು ತಿಂಗಳು ಅಂದರೆ ಸಾಫ್ಟ್‌ವೇರ್ ಕಂಪನಿಯವರು ಪುಕ್ಕಟೆ ಬಂದು ಕೂರ್ತಾರಲ್ಲ, ಅದಾ? ನಾವೂ ಟ್ಯಾಲಿಯಿಂದ ಬದಲಾಯಿಸ್ತಿದ್ದೀವಿ, ನಮಗೆ ನಾಲ್ಕೇ ವಾರ ಅಂತಿದ್ದಾರೆ.

ಐಟಿ ಸಪೋರ್ಟ್: ಅಣ್ಣಾ, ಇಲ್ಲಿ ಕೇಳಿದ್ದು ಭಾಷಣದ ಬಗ್ಗೆ. ಆದರೂ ನೀವು ಎತ್ತಿದ್ದು ಮುಖ್ಯ ವಿಷಯವೇ. "ಮೂರು ತಿಂಗಳೂ ಕನ್ಸಲ್ಟೆಂಟ್‌ಗಳು ಪಕ್ಕದಲ್ಲೇ ಇರ್ತಾರೆ" ಅಂತ ಬರೆಯೋ ಮುಂಚೆ ಕಾಂಟ್ರಾಕ್ಟ್ ತೆಗೆದು ನೋಡಿ. ನಾಲ್ಕು ವಾರ ಅಂತಿದ್ದರೆ ಐದನೇ ವಾರದಿಂದ ಯಾರನ್ನು ಕೇಳಬೇಕು ಅಂತ ಎಂ.ಡಿ. ಹೇಳಲೇಬೇಕು. ಪ್ರತಿ ವಿಭಾಗದಲ್ಲಿ ಸಿಸ್ಟಂ ಚೆನ್ನಾಗಿ ಕಲಿತಿರೋ ಕೀ ಯೂಸರ್‌ನ ಅಲ್ಲೇ ಎದ್ದು ನಿಲ್ಲಿಸಿ, ಮುಖ ಗುರುತಾಗಲಿ. "ತೊಂದರೆ ಆದರೆ ನನಗೇ ಫೋನ್ ಮಾಡಿ" ಅನ್ನೋ ಮಾತು ಮಾತ್ರ ಬೇಡ. ಟಿಕೆಟ್ ಹಾಕದೆ ಎಲ್ಲರೂ ಅವರಿಗೇ ಹಚ್ಚುತ್ತಾರೆ, ಒಂದೇ ದೋಷ ಎಷ್ಟು ಸಲ ಬಂತು ಅಂತ ನಮಗೆ ತಿಳಿಯೋದೇ ಇಲ್ಲ.

ಎಚ್.ಆರ್.: ಜನರ ಮನಸ್ಸಲ್ಲಿರೋದು ಕೆಲಸ ಹೋಗುತ್ತಾ ಅನ್ನೋ ಭಯ. "ಯಾರನ್ನೂ ತೆಗೆಯಲ್ಲ" ಅಂತ ಬೋರ್ಡಲ್ಲಿ ತೀರ್ಮಾನ ಆಗಿದ್ದರೆ ಮಾತ್ರ ಬರೆಯಿರಿ, ಆಗಿಲ್ಲದಿದ್ದರೆ ಆ ಸಾಲು ಬೇಡ. ಏಪ್ರಿಲ್‌ನ ಪ್ರೊಡಕ್ಷನ್ ಇನ್ಸೆಂಟಿವ್‌ನ ಹಳೇ ಸರಾಸರಿ ಮೇಲೆ ಕೊಟ್ಟರೆ ಎಂಟ್ರಿಗೆ ಹಿಡಿಯುವ ಹೊತ್ತಿನಿಂದ ಅವರ ಜೇಬಿಗೆ ಹೊಡೆತ ಬೀಳಲ್ಲ.

ಪ್ರೊಡಕ್ಷನ್ ಪ್ಲಾನಿಂಗ್: ಸರಾಸರಿ ಕೊಟ್ಟರೆ ಚೆನ್ನಾಗಿ ದುಡಿಯೋನಿಗೆ ನಷ್ಟ. ಇದನ್ನ ನಾನು ಒಪ್ಪಲ್ಲ.

ಕೇಳಿದವರು: ಇನ್ಸೆಂಟಿವ್ ವಿಚಾರ ಎಂ.ಡಿ. ಹತ್ತಿರ ಕೇಳ್ತೀನಿ. ಕಾಂಟ್ರಾಕ್ಟ್ ತೆಗೆದು ನೋಡಿದೆ, ಆರು ವಾರ ಅಂತಿದೆ. ಆ ಸಾಲು ತಿದ್ದಿದ್ದೀನಿ.