ಡೆರಿವೇಟಿವ್ ಇಲ್ಲದೆ ಕನಿಷ್ಠ ಬೆಲೆ ಕಂಡುಹಿಡಿದರೆ ಪೂರ್ತಿ ಅಂಕ ಕೊಡಬಹುದೇ?

ಪ್ರಶ್ನೆ (ಹೊಸ ಮೌಲ್ಯಮಾಪಕಿ):
ಎರಡೂ ಕಡೆ ಮುಚ್ಚಿದ ಸಿಲಿಂಡರ್, ಘನಫಲ 54π. ಮೇಲ್ಮೈ ವಿಸ್ತೀರ್ಣ ಅತಿ ಕಡಿಮೆ ಆಗಬೇಕಾದರೆ ತ್ರಿಜ್ಯ, ಎತ್ತರ ಎಷ್ಟಿರಬೇಕು ಅಂತ ಪ್ರಶ್ನೆ. 5 ಅಂಕ. ಸ್ಕೀಮಿನಲ್ಲಿ S ಅನ್ನು r ಒಂದರಲ್ಲೇ ಬರೆದಿದ್ದಕ್ಕೆ 1, ಡೆರಿವೇಟಿವ್‌ಗೆ 1, ಅದನ್ನು ಸೊನ್ನೆ ಮಾಡಿ r = 3 ತಂದಿದ್ದಕ್ಕೆ 1, ಸೆಕೆಂಡ್ ಡೆರಿವೇಟಿವ್ ಪರೀಕ್ಷೆಗೆ 1, h = 6 ಗೆ 1. ಒಬ್ಬ ವಿದ್ಯಾರ್ಥಿ ಡೆರಿವೇಟಿವ್ ಮುಟ್ಟೇ ಇಲ್ಲ, ಎ.ಎಂ.–ಜಿ.ಎಂ. ಹಾಕಿದ್ದಾನೆ:

```
S = 2πr² + 108π/r
  = 2πr² + 54π/r + 54π/r
  ≥ 3·(2πr² · 54π/r · 54π/r)^(1/3) = 54π
2πr² = 54π/r ಆದಾಗ ಸಮ
r³ = 27, r = 3, h = 6
```

ಉತ್ತರ ಸರಿ. ಆದರೆ ಸ್ಕೀಮಿನ ಮೂರು ಹೆಜ್ಜೆ ಇಲ್ಲವೇ ಇಲ್ಲ. 2 ಕೊಡಲೋ, 5 ಕೊಡಲೋ?

ಟ್ಯೂಷನ್ ಮೇಷ್ಟ್ರು:
ಇದರಲ್ಲಿ ಯೋಚಿಸೋದು ಏನಿದೆ ಮೇಡಂ? ಎಲ್ಲ ಸ್ಕೀಮಿನ ಕೊನೆಗೂ "ಬೇರೆ ಸರಿಯಾದ ವಿಧಾನಕ್ಕೂ ಪೂರ್ಣ ಅಂಕ" ಅಂತ ಒಂದು ಸಾಲು ಇದ್ದೇ ಇರುತ್ತೆ. ಉತ್ತರ ಸರಿ ಬಂದಿದೆ, 5 ಹಾಕಿ ಮುಂದಿನ ಪುಟ ತಿರುಗಿಸಿ.

ಇನ್ನೊಬ್ಬ ಉಪನ್ಯಾಸಕರು:
ಅಷ್ಟು ಸಲೀಸಾಗಿ ಬೇಡ. ಕನಿಷ್ಠ ಅಂತ ತೋರಿಸಲು ಸೆಕೆಂಡ್ ಡೆರಿವೇಟಿವ್ ಬೇಕೇ ಬೇಕು. ಈ ಹುಡುಗ ಆ ಪರೀಕ್ಷೆ ಮಾಡಿಲ್ಲ. ಕನಿಷ್ಠ ಅಂತ ಸಾಬೀತಾಗದ ಮೇಲೆ ಒಂದು ಅಂಕವಾದರೂ ಕಳೀಲೇಬೇಕು.

ಹಿರಿಯ ಮೌಲ್ಯಮಾಪಕರು:
ಈ ಉತ್ತರಕ್ಕೆ 5. ಆದರೆ "ಉತ್ತರ ಸರಿ ಬಂದಿದೆ" ಅನ್ನುವ ಕಾರಣಕ್ಕಲ್ಲ.

ಮೊದಲು ಸರ್ ಹೇಳಿದ್ದು ನೋಡೋಣ. S ≥ 54π ಅನ್ನುವ ಸಾಲು ಎಲ್ಲ ಧನಾತ್ಮಕ r ಗೂ ನಿಲ್ಲುತ್ತದೆ. r = 3 ರಲ್ಲಿ S ಸರಿಯಾಗಿ 54π ಆಗುತ್ತದೆ. ಇವೆರಡೂ ಸೇರಿದರೆ ಅದಕ್ಕಿಂತ ಕಡಿಮೆ ಎಲ್ಲೂ ಇಲ್ಲ ಅಂತಾಯಿತು, ಇನ್ನೊಂದು ಪರೀಕ್ಷೆಯ ಅಗತ್ಯವೇ ಇಲ್ಲ. ಸ್ಕೀಮಿನ ದಾರಿಯಲ್ಲಿ ಬಂದವರು S'' = 4π + 216π/r³ ಬರೆದು, r = 3 ಹಾಕಿ, 12π > 0 ಅಂತ ನಿಲ್ಲಿಸುತ್ತಾರೆ. ಅದು ಹೇಳುವುದು 3 ರ ಆಸುಪಾಸಿನ ಮಾತು ಮಾತ್ರ. ಎಲ್ಲ r > 0 ಗೂ S'' ಧನಾತ್ಮಕ ಅಂತ ಒಂದು ಸಾಲು ಸೇರಿಸಿದರೆ ಪೂರ್ತಿ ಆಗುತ್ತಿತ್ತು, ಆ ಸಾಲನ್ನು ಹೆಚ್ಚಿನವರು ಬರೆಯುವುದಿಲ್ಲ, ನಾವೂ ಕೇಳುವುದಿಲ್ಲ. ಹಾಗಿರುವಾಗ ಈ ಹುಡುಗ ತೋರಿಸಿದ್ದು ಸ್ಕೀಮ್ ಕೇಳಿದ್ದಕ್ಕಿಂತ ಹೆಚ್ಚೇ.

ಈಗ ಅಂಕ ಹಂಚುವ ವಿಷಯ. ಸ್ಕೀಮಿನ ಸಾಲುಗಳನ್ನು ಉತ್ತರದಲ್ಲಿ ಹುಡುಕಬೇಡಿ. ಪ್ರತಿ ಅಂಕ ಯಾವ ಕೆಲಸಕ್ಕೆ ಇಟ್ಟಿದ್ದು ಅಂತ ಕೇಳಿಕೊಂಡು, ಅದೇ ಕೆಲಸ ಇಲ್ಲಿ ಎಲ್ಲಿ ನಡೆದಿದೆ ನೋಡಿ. S ಅನ್ನು r ನಲ್ಲಿ ಬರೆದಿದ್ದಕ್ಕೆ 1, ಇದರಲ್ಲಿ ಬದಲಾವಣೆ ಇಲ್ಲ. ಡೆರಿವೇಟಿವ್‌ನ ಅಂಕ ಮುಖ್ಯ ಉಪಕರಣವನ್ನು ಸರಿಯಾಗಿ ಹೂಡಿದ್ದಕ್ಕೆ. ಇಲ್ಲಿ ಅದು 108π/r ಅನ್ನು ಎರಡು ಪಾಲು ಮಾಡಿದ ಸಾಲು, ಯಾಕೆಂದರೆ ಹಾಗೆ ಒಡೆದರೆ ಮಾತ್ರ ಮೂರರ ಗುಣಲಬ್ಧದಲ್ಲಿ r ಹೊಡೆದುಹೋಗುತ್ತದೆ. r = 3 ರ ಅಂಕ ಸಮ ಆಗುವ ಷರತ್ತಿನಿಂದ r ತಂದಿದ್ದಕ್ಕೆ. ಸೆಕೆಂಡ್ ಡೆರಿವೇಟಿವ್‌ನ ಅಂಕ "ಇದು ಕನಿಷ್ಠವೇ" ಅನ್ನುವುದಕ್ಕೆ ಕೊಟ್ಟ ಆಧಾರಕ್ಕೆ, ಇಲ್ಲಿ ಅದು S ≥ 54π ಮತ್ತು ಆ ಬೆಲೆ ನಿಜವಾಗಿ ಸಿಗುತ್ತದೆ ಅಂತ ತೋರಿಸಿದ್ದು. ಉಳಿದಿದ್ದು h. ಐದಕ್ಕೆ ಐದೂ ಆಯಿತಲ್ಲ.

ಟ್ಯೂಷನ್ ಮೇಷ್ಟ್ರೇ, ನೀವು ಹೇಳಿದ ಆ ಸಾಲು ಇರುವುದು ನಿಜ. ಅದು ಬೇರೆ ವಿಧಾನಕ್ಕೆ ಬಾಗಿಲು ತೆಗೆಯುತ್ತದೆ, ಆ ವಿಧಾನದೊಳಗಿನ ತೂತುಗಳನ್ನು ಮುಚ್ಚುವುದಿಲ್ಲ. ಇದೇ ಹುಡುಗ "ಆದಾಗ ಸಮ" ಅನ್ನುವ ಸಾಲು ಬಿಟ್ಟು, ≥ 54π ಬರೆದು ನೇರ r = 3 ಅಂತ ಹಾರಿದ್ದರೆ ನಾನು 4 ಕೊಡುತ್ತಿದ್ದೆ. ಕೆಳಗಿನ ಮಿತಿ ಇದ್ದಮಾತ್ರಕ್ಕೆ ಅದು ಸಿಕ್ಕೇ ಸಿಗಬೇಕೆಂದಿಲ್ಲ. ಇದೇ ಲೆಕ್ಕದಲ್ಲಿ ತ್ರಿಜ್ಯ 2 ಕ್ಕಿಂತ ಹೆಚ್ಚಿರಬಾರದು ಅಂತ ಒಂದು ಷರತ್ತು ಸೇರಿಸಿ ನೋಡಿ. S ≥ 54π ಆಗಲೂ ಸತ್ಯವೇ, ಆದರೆ ಆ 54π ಎಲ್ಲೂ ಸಿಗುವುದಿಲ್ಲ. ಕನಿಷ್ಠ ಬೆಲೆ r = 2 ರಲ್ಲಿ 8π + 54π, ಅಂದರೆ 62π.

ಹೊಸ ಮೌಲ್ಯಮಾಪಕಿ:
ಥ್ಯಾಂಕ್ಸ್ ಸರ್, ಸ್ಪಷ್ಟವಾಯಿತು. r > 0 ಅಂತ ಅವನು ಎಲ್ಲೂ ಬರೆದಿಲ್ಲ. ಎ.ಎಂ.–ಜಿ.ಎಂ.ಗೆ ಅದು ಬೇಕಲ್ಲವೇ?

ಹಿರಿಯ ಮೌಲ್ಯಮಾಪಕರು:
ಬೇಕು, ಆದರೆ r ಅಂದರೆ ತ್ರಿಜ್ಯ ಅಂತ ಮೊದಲ ಸಾಲಲ್ಲೇ ಇದೆ. ಅದಕ್ಕೆ ಅಂಕ ಕಳೆಯುವುದು ಬರೀ ಕಿರಿಕಿರಿ. ಹಾಗೆ ಕಳೆಯುವುದಾದರೆ r ನಿಂದ ಭಾಗಿಸಿದ ಸ್ಕೀಮ್ ದಾರಿಯವರಿಗೂ ಕಳೆಯಬೇಕಾಗುತ್ತದೆ.

ಪದವಿ ಕಾಲೇಜಿನ ಅತಿಥಿ ಉಪನ್ಯಾಸಕಿ:
ನನ್ನ ಹತ್ತಿರವೂ ಇಂಥದ್ದೇ ಒಂದಿದೆ. ಮೂಲ ವ್ಯಾಖ್ಯೆಯಿಂದ sin x ನ ಡೆರಿವೇಟಿವ್ ಕಂಡುಹಿಡಿಯಿರಿ ಅಂತ ಪ್ರಶ್ನೆ. ವಿದ್ಯಾರ್ಥಿನಿ ಎಲ್ಲ ಸರಿಯಾಗಿ ಬಿಡಿಸಿ, ಕೊನೆಗೆ h ಸೊನ್ನೆಯತ್ತ ಹೋದಾಗ sin h / h ನ ಲಿಮಿಟ್ 1 ಅಂತ ತೋರಿಸಲು ಲಾಪಿಟಾಲ್ ನಿಯಮ ಬಳಸಿದ್ದಾಳೆ. ಬೇರೆ ವಿಧಾನ, ಸರಿಯಾದ ನಿಯಮ, ಸರಿಯಾದ ಉತ್ತರ. ಮೇಲೆ ಹೇಳಿದ ಲೆಕ್ಕದಲ್ಲಿ ಪೂರ್ತಿ ಕೊಟ್ಟುಬಿಡಲೇ?

ಹಿರಿಯ ಮೌಲ್ಯಮಾಪಕರು:
ಇಲ್ಲ ಮೇಡಂ, ಇದು ಇಂಥದ್ದೇ ಅಲ್ಲ. ಲಾಪಿಟಾಲ್ ಹಾಕಬೇಕಾದರೆ ಮೇಲಿನ sin h ನ ಡೆರಿವೇಟಿವ್ cos h ಅಂತ ಮೊದಲೇ ಗೊತ್ತಿರಬೇಕು. ಸಾಧಿಸಬೇಕಾದ್ದೇ ಅದು. ಸಾಧಿಸಬೇಕಾದ್ದನ್ನೇ ಆಧಾರ ಮಾಡಿಕೊಂಡ ಹಾಗಾಯಿತು. ಆ ಹೆಜ್ಜೆಯ ಅಂಕ ಹೋಗುತ್ತದೆ. ವ್ಯಾಖ್ಯೆ ಬರೆದಿದ್ದಕ್ಕೆ, sin(x + h) − sin x ಅನ್ನು ಬಿಡಿಸಿದ್ದಕ್ಕೆ ಇಟ್ಟ ಅಂಕಗಳನ್ನು ಮುಟ್ಟಬೇಡಿ. ಅವಳು "sin h / h ನ ಲಿಮಿಟ್ 1, ಗೊತ್ತಿರುವ ಫಲಿತಾಂಶ" ಅಂತಷ್ಟೇ ಬರೆದು ಬಿಟ್ಟಿದ್ದರೆ ಅದೂ ಸಿಗುತ್ತಿತ್ತು. ವಿವರಿಸಲು ಹೋಗಿ ಕಳೆದುಕೊಂಡಳು, ಪಾಪ.

x ಸೊನ್ನೆಯತ್ತ ಹೋದಾಗ (1 − cos x)/x² ನ ಲಿಮಿಟ್ ಎಷ್ಟು ಅಂತ ಮಾತ್ರ ಕೇಳಿದ್ದರೆ, ಯಾವ ಷರತ್ತೂ ಇಲ್ಲದಿದ್ದರೆ, ಲಾಪಿಟಾಲ್‌ಗೆ ಪೂರ್ತಿ ಅಂಕ. ಅಲ್ಲಿ sin, cos ಡೆರಿವೇಟಿವ್‌ಗಳು ಕೈಯಲ್ಲಿರುವ ಸರಕು.

ಇನ್ನೊಬ್ಬ ಉಪನ್ಯಾಸಕರು:
ಸೆಕೆಂಡ್ ಡೆರಿವೇಟಿವ್ ವಿಷಯ ಒಪ್ಪಿದೆ. ಇನ್ನೊಂದು ಕೇಳ್ತೀನಿ. ಪ್ರಶ್ನೆಯಲ್ಲೇ "ಅವಕಲನ ಬಳಸಿ ಕಂಡುಹಿಡಿಯಿರಿ" ಅಂತಿದ್ದರೆ?

ಹಿರಿಯ ಮೌಲ್ಯಮಾಪಕರು:
ಆಗ ವಿಧಾನವೇ ಪ್ರಶ್ನೆಯ ಭಾಗ. S ಬರೆದಿದ್ದಕ್ಕೆ 1, h ಗೆ 1, ಒಟ್ಟು 2 ಅನ್ನುವುದು ನನ್ನ ಮಟ್ಟಿನ ಲೆಕ್ಕ. ಪಾಠದ ಹೆಸರು "ಅವಕಲನದ ಅನ್ವಯಗಳು" ಅನ್ನುವುದೊಂದೇ ಕಾರಣಕ್ಕೆ ಹಾಗೆ ಕಳೆಯುವ ಹಾಗಿಲ್ಲ. ಪ್ರಶ್ನೆಪತ್ರಿಕೆಯಲ್ಲಿ ಪಾಠದ ಹೆಸರು ಅಚ್ಚಾಗಿರುವುದಿಲ್ಲ.

ಟ್ಯೂಷನ್ ಮೇಷ್ಟ್ರು:
2 ಅಂದರೆ ಅನ್ಯಾಯ ಸರ್. r = 3 ಸರಿ ಇದೆಯಲ್ಲ, ಅದಕ್ಕೂ ಒಂದು ಸೇರಿಸಿ 3 ಕೊಡಬೇಕು.

ಹಿರಿಯ ಮೌಲ್ಯಮಾಪಕರು:
ಸ್ಕೀಮಿನಲ್ಲಿ ಆ ಅಂಕ ಡೆರಿವೇಟಿವ್ ಸೊನ್ನೆ ಮಾಡಿದ್ದಕ್ಕೂ ಸೇರಿದೆ, ಹಾಗಾಗಿ ನಾನು ಕೊಡಲಾರೆ. ನಿಮ್ಮ ವಾದವನ್ನು ಪೂರ್ತಿ ತಳ್ಳಿಹಾಕುವಂತೆಯೂ ಇಲ್ಲ. ಇಂಥದ್ದನ್ನು ಮುಖ್ಯ ಮೌಲ್ಯಮಾಪಕರ ಹತ್ತಿರ ಕೇಳಿ, ತಿದ್ದುವುದು ಶುರುವಾಗುವ ಮೊದಲೇ ತೀರ್ಮಾನ ಮಾಡಿಸಿಕೊಳ್ಳಬೇಕು. ಅರ್ಧ ಕಟ್ಟು ತಿದ್ದಿದ ಮೇಲೆ ಮಾಡಿದರೆ ಹಿಂದಿನವನ್ನೆಲ್ಲ ಮತ್ತೆ ತೆಗೆಯಬೇಕಾಗುತ್ತದೆ.

ಹೊಸ ಮೌಲ್ಯಮಾಪಕಿ:
ಇದೇ ಕಟ್ಟಿನಲ್ಲಿ ಇನ್ನೊಂದು ಸಿಕ್ಕಿದೆ ಸರ್. ಇವನೂ ಎ.ಎಂ.–ಜಿ.ಎಂ., ಆದರೆ ಒಡೆಯದೆ ಎರಡೇ ಪದಕ್ಕೆ ಹಾಕಿದ್ದಾನೆ. 2πr² = 108π/r ಅಂತ ಸಮ ಮಾಡಿ r³ = 54, h = r ಅಂತ ಮುಗಿಸಿದ್ದಾನೆ. ಮೊದಲಿನವನ ಹಾಗೇ ಕಾಣುತ್ತದೆ, ಉತ್ತರ ಮಾತ್ರ ಬೇರೆ.

ಹಿರಿಯ ಮೌಲ್ಯಮಾಪಕರು:
ಅವನ ಅಸಮಾನತೆಯ ಬಲಗಡೆ ಏನು ಬಂದಿದೆ ನೋಡಿ. ಎರಡು ಪದದ ಗುಣಲಬ್ಧ 216π²r. ಅದರಲ್ಲಿ r ಉಳಿದುಕೊಂಡಿದೆ. ಬಲಗಡೆಯೂ r ಜೊತೆ ಬದಲಾಗುತ್ತಿದ್ದರೆ ಅದು ಮಿತಿಯೇ ಅಲ್ಲ, ಎರಡೂ ಪದ ಸಮವಾದ ಜಾಗಕ್ಕೂ ಕನಿಷ್ಠಕ್ಕೂ ಸಂಬಂಧವಿಲ್ಲ. ಅವನ r ಸುಮಾರು 3.78, ಅಲ್ಲಿ S ಸುಮಾರು 57.15π. 54π ಗಿಂತ ಹೆಚ್ಚು. ಅಸಮಾನತೆ ಬಳಸಿದ ಉತ್ತರ ಬಂದಾಗಲೆಲ್ಲ ನಾನು ಮೊದಲು ನೋಡುವುದು ಇದನ್ನೇ, ಬಲಗಡೆ ಸ್ಥಿರಸಂಖ್ಯೆ ಆಗಿದೆಯೇ ಅಂತ.

S ಬರೆದಿದ್ದಕ್ಕೆ 1. ನಂತರದ ಮೂರೂ ಇಲ್ಲ.

ಪದವಿ ಕಾಲೇಜಿನ ಅತಿಥಿ ಉಪನ್ಯಾಸಕಿ:
h ನ ಅಂಕ? ಅವನ r ಗೆ h = 54/r² ಸರಿಯಾಗಿಯೇ ಹಾಕಿದ್ದಾನಲ್ಲ. ಹಿಂದಿನ ತಪ್ಪಿಗೆ ಮತ್ತೆ ಶಿಕ್ಷೆ ಬೇಡ ಅಂತ ನಾವು ಕೊಟ್ಟುಬಿಡುತ್ತೇವೆ.

ಇನ್ನೊಬ್ಬ ಉಪನ್ಯಾಸಕರು:
ಲೆಕ್ಕದ ತಪ್ಪಾಗಿದ್ದರೆ ನಾನೂ ಕೊಡ್ತಿದ್ದೆ. ಇದು ವಿಧಾನದ ತಪ್ಪು. ನನ್ನ ಕೈಯಲ್ಲಿ 1 ಮಾತ್ರ.

ಹಿರಿಯ ಮೌಲ್ಯಮಾಪಕರು:
ನಾನು 2 ಕೊಡುತ್ತೇನೆ, ಆದರೆ ಸ್ಕೀಮಿನಲ್ಲಿ "h = 6" ಅಂತ ಬೆಲೆಯನ್ನೇ ಬರೆದಿರುವುದರಿಂದ 1 ಅನ್ನುವವರನ್ನು ತಪ್ಪು ಅನ್ನಲಾರೆ. ನಿಮ್ಮ ಕಟ್ಟಿನಲ್ಲಿ r ತಪ್ಪಿ h ಸರಿಹಾಕಿದ ಡೆರಿವೇಟಿವ್ ದಾರಿಯವರಿಗೆ ಏನು ಕೊಟ್ಟಿದ್ದೀರಿ ಮೇಡಂ? ಅದನ್ನು ಹೇಳಿ ಮೊದಲು.